ಹಳೇ ಅಂಗಡಿಗೆ ಹೊಸ ಬೋರ್ಡು

ಹಳೆಯ ಗಿರಾಕಿಗಳು ಅಂಗಡಿಗೆ ಬಂದು ಬ್ರ್ಯಾಂಡಿನ ಹೆಸರು ಹೇಳುವುದು ಕಡಿಮೆ. 'ಆ ಹಳದಿ ಡಬ್ಬಿ ಕೊಡಿ' ಎನ್ನುತ್ತಾರೆ, 'ಆನೆ ಪುಡಿ ಅರ್ಧ ಕೆಜಿ' ಎನ್ನುತ್ತಾರೆ, ಇನ್ನು ಕೆಲವರು 'ನಮ್ದು ಯಾವಾಗಿನದೇ' ಎಂದು ಸುಮ್ಮನೆ ನಿಲ್ಲುತ್ತಾರೆ. ಎರಡು ಮೂರು ತಲೆಮಾರು ನಡೆದ ಕುಟುಂಬದ ವ್ಯಾಪಾರಕ್ಕೆ ಹೊಸ ರೂಪ ಕೊಡಲು ಹೊರಟವರು ಮೊದಲು ಕಿವಿಗೊಡಬೇಕಾದದ್ದು ಈ ಮಾತುಗಳಿಗೆ. ಮಾಲೀಕರ ಮನೆಯವರು ಬ್ರ್ಯಾಂಡ್ ಎಂದುಕೊಂಡಿರುವುದು ಒಂದು, ಗಿರಾಕಿ ಗುರುತು ಇಟ್ಟುಕೊಂಡಿರುವುದು ಇನ್ನೊಂದು. ಹೊಸ ರೂಪ ಕೈಕೊಟ್ಟ ಬಹಳಷ್ಟು ಪ್ರಸಂಗಗಳಲ್ಲಿ ಆದದ್ದು ಇಷ್ಟೇ: ಮನೆಯವರು ತಮ್ಮ ಬ್ರ್ಯಾಂಡನ್ನು ಜೋಪಾನವಾಗಿ ಉಳಿಸಿಕೊಂಡರು, ಗಿರಾಕಿಯ ಗುರುತನ್ನು ಅಳಿಸಿಬಿಟ್ಟರು.

ಗುರುತು ಎಲ್ಲಿ ಕೂತಿರುತ್ತದೆ

ಭಾರತದ ಹಳೆಯ ಸರಕುಗಳ ಮೇಲೆ ಆನೆ, ನವಿಲು, ಸೈಕಲ್, ದೀಪ, ಗಡಿಯಾರ ಹೀಗೆ ಚಿತ್ರಗಳು ತುಂಬಿರುವುದು ಅಲಂಕಾರಕ್ಕಲ್ಲ. ಕೊಳ್ಳುವವರಲ್ಲಿ ಓದು ಬಾರದವರೇ ಹೆಚ್ಚಿದ್ದ ಕಾಲದಲ್ಲಿ, ಹತ್ತು ಭಾಷೆಯ ನಾಡಿನಲ್ಲಿ, ಚಿತ್ರವೇ ಹೆಸರಿನ ಕೆಲಸ ಮಾಡುತ್ತಿತ್ತು. 1948ರಲ್ಲಿ ಮೈಸೂರಿನಲ್ಲಿ ಎನ್. ರಂಗರಾವ್ ಶುರುಮಾಡಿದ ಊದುಬತ್ತಿ ಉದ್ಯಮ 'ಸೈಕಲ್' ಎಂಬ ಗುರುತನ್ನು ಹಿಡಿದದ್ದನ್ನು ನೋಡಿ. ಕನ್ನಡಿಗನಿಗೂ ತಮಿಳನಿಗೂ ಬಂಗಾಳಿಗೂ ಸೈಕಲ್ ಸೈಕಲ್ಲೇ. ಅಂಥ ಗುರುತು ಒಮ್ಮೆ ಮನೆಯ ದೇವರ ಕೋಣೆ ಸೇರಿತೆಂದರೆ ಅದರ ಮೇಲೆ ಬರೆದಿರುವ ಅಕ್ಷರಗಳನ್ನು ಯಾರೂ ಓದುವುದಿಲ್ಲ.

ಓದು ಬಲ್ಲ ಗಿರಾಕಿಯೂ ಇದನ್ನೇ ಮಾಡುತ್ತಾನೆ. 2009ರ ಜನವರಿಯಲ್ಲಿ ಅಮೆರಿಕದ ಟ್ರಾಪಿಕಾನಾ ಕಿತ್ತಳೆ ರಸದ ಡಬ್ಬಿಯ ರೂಪ ಬದಲಾಯಿತು. ಹಣ್ಣಿಗೆ ನೇರವಾಗಿ ಸ್ಟ್ರಾ ಚುಚ್ಚಿದ್ದ ಹಳೆಯ ಚಿತ್ರ ಹೋಗಿ ಗಾಜಿನ ಲೋಟದಲ್ಲಿ ರಸ ಬಂತು. ಅಡ್ಡಡ್ಡ ಇದ್ದ ಹೆಸರು ಉದ್ದುದ್ದ ನಿಂತಿತು. ರಸ ಬದಲಾಗಿರಲಿಲ್ಲ, ಹೆಸರೂ ಅದೇ. ಆದರೂ ಫೆಬ್ರವರಿ ಮೂರನೆಯ ವಾರದ ಹೊತ್ತಿಗೆ ಮಾರಾಟ ಸುಮಾರು ಶೇ 20ರಷ್ಟು ಕುಸಿಯಿತು, ಹಳೆಯ ಡಬ್ಬಿಯನ್ನು ಮರಳಿ ತರುವುದಾಗಿ ಕಂಪನಿ ಹೇಳಬೇಕಾಯಿತು. ಅದು ಕುಟುಂಬದ ವ್ಯಾಪಾರವಲ್ಲ, ಪೆಪ್ಸಿಕೋ ಕೈಯಲ್ಲಿದ್ದ ಬ್ರ್ಯಾಂಡ್. ಆದರೆ ಪಾಠ ಚಿಕ್ಕ ಅಂಗಡಿಗೂ ಸಲ್ಲುತ್ತದೆ. ಬಹಳ ಜನ ಸಿಟ್ಟಾಗಿ ಬಿಟ್ಟುಹೋದವರಲ್ಲ. ಕಪಾಟಿನ ಮುಂದೆ ನಿಂತಾಗ ಅವರ ಕಣ್ಣಿಗೆ ತಮ್ಮ ಡಬ್ಬಿ ಬೀಳಲಿಲ್ಲ, ಪಕ್ಕದ್ದನ್ನು ಎತ್ತಿಕೊಂಡು ಹೋದರು.

ಗೋದ್ರೇಜ್ ಏನನ್ನು ಮುಟ್ಟಲಿಲ್ಲ

ನಮ್ಮ ಮನೆಗಳಲ್ಲಿ ಕಬ್ಬಿಣದ ಬೀರು ಯಾವ ಕಂಪನಿಯದಾದರೂ ಅದಕ್ಕೆ 'ಗೋದ್ರೇಜ್' ಎಂದೇ ಹೆಸರು. ಮದುವೆಯ ಸೀರೆ, ಜಮೀನಿನ ಪತ್ರ, ಬಂಗಾರ ಎಲ್ಲ ಇರುವುದು ಅದರೊಳಗೆ. 1897ರಲ್ಲಿ ಅರ್ದೇಶಿರ್ ಗೋದ್ರೇಜ್ ಮುಂಬಯಿಯಲ್ಲಿ ಬೀಗ ತಯಾರಿಸಲು ತೊಡಗಿದಂದಿನಿಂದ ಬೆಳೆದ ಈ ಕುಟುಂಬ ಸಂಸ್ಥೆ 2008ರಲ್ಲಿ ತನ್ನ ರೂಪ ಬದಲಿಸಿಕೊಂಡಾಗ ಎದುರಿದ್ದ ತೊಡಕು ಸಣ್ಣದಲ್ಲ. ಹಿರಿಯರಿಗೆ ಅದು ನಂಬಿಕೆಯ ಹೆಸರು, ಕಿರಿಯರಿಗೆ ಅಪ್ಪನ ಕಾಲದ ಬೀರು. ಸಂಸ್ಥೆಗೋ ಅದೇ ಹೆಸರಿನಲ್ಲಿ ಮನೆ, ಫ್ರಿಜ್, ತಲೆಗೂದಲಿನ ಬಣ್ಣ ಎಲ್ಲವನ್ನೂ ಮಾರಬೇಕಿತ್ತು.

ಅವರು ಮಾಡಿದ್ದನ್ನು ಒಂದೇ ಸಾಲಿನಲ್ಲಿ ಹೇಳಬಹುದು. ಸಹಿಯಂತೆ ಬಳುಕುವ ಆ ಬರಹವನ್ನು ಉಳಿಸಿಕೊಂಡು ಅದಕ್ಕೆ ಹಸಿರು, ನೀಲಿ, ಮಾಣಿಕ್ಯದ ಕೆಂಪು ಮೂರು ಬಣ್ಣ ತುಂಬಿದರು. ಬೀರುವಿನ ಬಾಗಿಲ ಮೇಲೆ, ಬೀಗದ ಮೈಮೇಲೆ ದಶಕಗಳಿಂದ ಕೈಗೂ ಕಣ್ಣಿಗೂ ಒಗ್ಗಿದ್ದು ಆ ಬಳುಕೇ ಹೊರತು ಬಣ್ಣವಲ್ಲ. ಹಾಗಾಗಿ ಬಣ್ಣ ಬದಲಾದಾಗ ಅಜ್ಜಿಗೆ ಏನೂ ಕಳೆದುಹೋದಂತೆ ಅನಿಸಲಿಲ್ಲ, ಮೊಮ್ಮಗಳಿಗೆ ಹೊಸದೆನಿಸಿತು. ಇದನ್ನೇ ತಲೆಕೆಳಗೆ ಮಾಡಿ, ಬಣ್ಣ ಉಳಿಸಿ ಬರಹವನ್ನು ನೆಟ್ಟಗಿನ ತೆಳು ಅಕ್ಷರಕ್ಕೆ ಇಳಿಸಿದ್ದರೆ, ಖರ್ಚು ಅಷ್ಟೇ ಆಗುತ್ತಿತ್ತು, ಕಳೆದುಕೊಳ್ಳುವುದು ಬಹಳ ಇತ್ತು ಎಂಬುದು ನನ್ನ ಅಂದಾಜು.

ಆದರೆ ಬರಹ ಉಳಿಸಿ ಬಣ್ಣ ಬದಲಿಸುವುದು ಎಲ್ಲರಿಗೂ ಹೊಂದುವ ಸೂತ್ರವಲ್ಲ. ಹಳದಿ ಡಬ್ಬಿ ಎಂದೇ ಕರೆಸಿಕೊಳ್ಳುವ ಸರಕಿನಲ್ಲಿ ಬಣ್ಣ ಮುಟ್ಟಿದರೆ ಕೆಟ್ಟಿತು. ಮುಟ್ಟಬಾರದ್ದು ಯಾವುದು ಎಂಬುದನ್ನು ಗಿರಾಕಿಯ ಬಾಯಿಂದಲೇ ತಿಳಿಯಬೇಕು.

ಕವರ್ ಬದಲಾದರೆ ರುಚಿ ಬದಲಾಗುತ್ತದೆ

ಹೊಸ ಕವರಿನಲ್ಲಿ ಅದೇ ಉಪ್ಪಿನಕಾಯಿ ಕೊಟ್ಟರೂ 'ಮೊದಲಿನ ರುಚಿ ಇಲ್ಲ' ಎನ್ನುವವರು ಸುಳ್ಳು ಹೇಳುತ್ತಿರುವುದಿಲ್ಲ. ನಾಲಗೆಯೊಂದೇ ರುಚಿ ನೋಡುವುದಿಲ್ಲ, ಕಣ್ಣೂ ನೋಡುತ್ತದೆ. 2011ರ ಕೊನೆಯಲ್ಲಿ ಕೋಕಾ-ಕೋಲಾ ಹಿಮಕರಡಿಗಳ ಸಂರಕ್ಷಣೆಗೆಂದು ಅಮೆರಿಕದಲ್ಲಿ ಕೆಂಪು ಡಬ್ಬಿಯ ಬದಲು ಬಿಳಿ ಡಬ್ಬಿ ತಂದಿತು. ಒಳಗಿನ ಪಾನೀಯ ಒಂದು ಹನಿಯೂ ಬದಲಾಗಿರಲಿಲ್ಲ. ಡಯಟ್ ಕೋಕ್‌ನ ಬೆಳ್ಳಿ ಬಣ್ಣದ ಡಬ್ಬಿ ಎಂದು ಕೆಲವರು ಮೋಸಹೋದರು, ಇನ್ನು ಕೆಲವರು ರುಚಿಯೇ ಬೇರೆ ಎಂದು ದೂರಿದರು. ಬಿಳಿ ಡಬ್ಬಿ ಫೆಬ್ರವರಿಯವರೆಗೂ ಇರಬೇಕಿತ್ತು. ಡಿಸೆಂಬರ್ ಮೊದಲ ವಾರಕ್ಕೇ ಕೆಂಪು ಡಬ್ಬಿ ಮರಳಿತು.

ಇದರಿಂದ ಬರುವ ಕಟ್ಟುನಿಟ್ಟಿನ ನಿಯಮ ಒಂದಿದೆ. ರೂಪ, ಬೆಲೆ, ಒಳಗಿನ ಸರಕು ಈ ಮೂರರಲ್ಲಿ ಎರಡನ್ನು ಒಟ್ಟಿಗೆ ಬದಲಿಸಬಾರದು. ಹೊಸ ಕವರಿನ ಖರ್ಚು ತೆಗೆಯಲು ಅದೇ ತಿಂಗಳು ಇಪ್ಪತ್ತು ರೂಪಾಯಿ ಏರಿಸಿದರೆ, ಕವರಿಗಾಗಿ ನಮ್ಮ ಜೇಬು ಕತ್ತರಿಸಿದರು ಎಂದು ಹಿರಿಯರು ಸರಿಯಾಗಿಯೇ ಲೆಕ್ಕ ಹಾಕುತ್ತಾರೆ. ತೂಕ ಇಳಿಸಿದರಂತೂ ಮುಗಿಯಿತು. ಎರಡರ ನಡುವೆ ಮೂರು ನಾಲ್ಕು ತಿಂಗಳು ಬಿಡುವುದು ಒಳ್ಳೆಯದು. ಮಾರಾಟ ಇಳಿದರೆ ಯಾವುದರಿಂದ ಇಳಿಯಿತು ಎಂದು ಗೊತ್ತಾಗುವುದಕ್ಕೂ ಈ ಅಂತರ ಬೇಕು.

ಒಂದು ಕಾಫಿಪುಡಿ ಅಂಗಡಿಯ ಲೆಕ್ಕ

ಒಂದು ಅಂಗಡಿಯನ್ನು ಕಲ್ಪಿಸಿಕೊಳ್ಳೋಣ. ಊರು ಶಿವಮೊಗ್ಗ ಎಂದಿಟ್ಟುಕೊಳ್ಳಿ, ಅಂಗಡಿ 1962ರದು. ಎದುರಿಗೇ ಬೀಜ ಹುರಿದು, ಕೇಳಿದ ಹದಕ್ಕೆ ಪುಡಿ ಮಾಡಿ, ಕಾಕಿ ಕಾಗದದ ಪೊಟ್ಟಣಕ್ಕೆ ತುಂಬಿ, ಆನೆಯ ಮುದ್ರೆ ಒತ್ತಿ, ಕೆಂಪು ದಾರ ಸುತ್ತಿ ಕೊಡುತ್ತಾರೆ. ಗಲ್ಲಾದಲ್ಲಿ ಅಪ್ಪ, ಹುರಿಯುವ ಯಂತ್ರದ ಬಳಿ ಹಳೆಯ ಕೆಲಸಗಾರ. ಮೂರನೆಯ ತಲೆಮಾರಿನ ಮಗಳು ಬೆಂಗಳೂರಿನ ಕೆಲಸ ಬಿಟ್ಟು ಬಂದಿದ್ದಾಳೆ. ಕಾಗದದಲ್ಲಿ ಘಮ ನಿಲ್ಲುವುದಿಲ್ಲ, ಬೇರೆ ಊರಿಗೆ ಕಳಿಸಲಾಗುವುದಿಲ್ಲ, ಆದ್ದರಿಂದ ಒಳಗೆ ಅಲ್ಯೂಮಿನಿಯಂ ಪದರವಿದ್ದು, ಗಾಳಿ ಒಳನುಗ್ಗದಂತೆ ವಾಲ್ವ್ ಇರುವ ಪೌಚ್ ಬೇಕು ಎಂಬುದು ಅವಳ ವಾದ. ವಾದ ಸರಿಯಾಗಿದೆ. ಹೊಸದಾಗಿ ಹುರಿದ ಕಾಫಿ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ವಾಲ್ವ್ ಅದನ್ನು ಹೊರಬಿಟ್ಟು ಹೊರಗಿನ ಗಾಳಿಯನ್ನು ತಡೆಯುತ್ತದೆ.

ಅಪ್ಪ ಹೇಳುತ್ತಾರೆ: 'ಮಗಾ, ಪೆನ್ಶನ್ ಬಂದ ದಿನ ಬರೋರು ಇದನ್ನ ನೋಡಿ ಪಕ್ಕದ ಅಂಗಡಿಗೆ ಹೋಗ್ತಾರೆ.' ಅವರ ವಾದವೂ ಸರಿಯೇ.

ಅವಳು ಮೊದಲು ಮಾಡಬೇಕಾದ ಕೆಲಸಕ್ಕೆ ಡಿಸೈನರ್ ಬೇಕಿಲ್ಲ. ಎರಡು ವಾರ ಗಲ್ಲಾದ ಪಕ್ಕ ಒಂದು ನೋಟ್‌ಬುಕ್ ಇಟ್ಟು, ಬಂದವರು ಸರಕನ್ನು ಯಾವ ಮಾತಿನಲ್ಲಿ ಕೇಳುತ್ತಾರೆ ಎಂದು ಹಾಗೆಹಾಗೇ ಬರೆದುಕೊಳ್ಳಬೇಕು. ಆಮೇಲೆ ಅರವತ್ತು ದಾಟಿದ ಮೂವತ್ತು ಜನ ಕಾಯಂ ಗಿರಾಕಿಗಳಿಗೆ ಒಂದೇ ಪ್ರಶ್ನೆ: 'ಗುರುತಿಲ್ಲದವರನ್ನ ನಮ್ಮಲ್ಲಿಗೆ ಕಳಿಸಬೇಕಾದರೆ ಏನು ಗುರುತು ಹೇಳ್ತೀರಿ?' ನಮ್ಮ ಬ್ರ್ಯಾಂಡ್ ಹೇಗಿದೆ ಎಂದು ಕೇಳಿದರೆ 'ಚೆನ್ನಾಗಿದೆಯಮ್ಮ' ಎಂಬ ಉತ್ತರ ಬರುತ್ತದೆ, ಅದರಿಂದ ಉಪಯೋಗವಿಲ್ಲ. ಗುರುತು ಕೇಳಿದರೆ ನಿಜ ಹೊರಬರುತ್ತದೆ. ನಮ್ಮ ಕಲ್ಪನೆಯ ಅಂಗಡಿಯಲ್ಲಿ ಹತ್ತೊಂಬತ್ತು ಜನ ಆನೆ ಎಂದರು, ಹನ್ನೆರಡು ಜನ ಕೆಂಪು ದಾರ ಎಂದರು, ಏಳು ಜನ ಬೀದಿಯ ತಿರುವಿಗೇ ಘಮ ಬರುತ್ತದಲ್ಲ ಅದೇ ಎಂದರು. ಕೆಲವರು ಎರಡು ಗುರುತು ಹೇಳಿದರು. ಅಂಗಡಿಯ ಹೆಸರು ಹೇಳಿದವರು ನಾಲ್ವರು. ತಾತ 1970ರ ದಶಕದಲ್ಲಿ ಬರೆಸಿದ ಘೋಷವಾಕ್ಯ, ಮನೆಯವರೆಲ್ಲ ಹೆಮ್ಮೆಪಡುವಂಥದ್ದು, ಒಬ್ಬರಿಗೂ ನೆನಪಿರಲಿಲ್ಲ.

ಈಗ ದಾರಿ ಸ್ಪಷ್ಟ. ಆನೆಯನ್ನು, ಕೆಂಪನ್ನು, ಎದುರಿಗೇ ಹುರಿಯುವುದನ್ನು ಮುಟ್ಟಬಾರದು. ಮನೆಯಲ್ಲಿ ಜಗಳಕ್ಕೆ ಕಾರಣವಾಗಬಹುದಾಗಿದ್ದ ಘೋಷವಾಕ್ಯವನ್ನು ನಿಶ್ಚಿಂತೆಯಿಂದ ಬಿಡಬಹುದು. ಕಾಕಿ ಕಾಗದ ಎಂದವರು ಇಬ್ಬರೇ. ಹಾಗಾಗಿ ಪೌಚ್ ತರಬಹುದು, ಆದರೆ ಮೈ ಹೊಳೆಯದ ಕಾಕಿ ಬಣ್ಣವೇ ಇರಲಿ, ಬಾಯಿಯ ಸುತ್ತ ಕೆಂಪು ಪಟ್ಟಿ ಬರಲಿ, ಆನೆ ಮೊದಲಿದ್ದ ಜಾಗದಲ್ಲೇ ಮೊದಲಿನಷ್ಟೇ ದೊಡ್ಡದಾಗಿ ನಿಲ್ಲಲಿ. ಆನೆಯನ್ನು ನಾಲ್ಕು ಗೆರೆಯ ಸಂಕೇತವಾಗಿ ಸರಳಗೊಳಿಸೋಣ ಎಂದು ಡಿಸೈನರ್ ಹೇಳುವುದು ಖಂಡಿತ. ಮುದ್ರೆಯಲ್ಲಿ ಒಡೆದು ಕಾಣುವ ಗೆರೆಗಳನ್ನು ಶುಚಿ ಮಾಡಿಸಬಹುದು. ಸೊಂಡಿಲು ಎತ್ತಿದ ಆನೆ ಸೊಂಡಿಲು ಎತ್ತಿಕೊಂಡೇ ಇರಬೇಕು.

ಮೊದಲ ಹಂತದಲ್ಲಿ ಮುದ್ರಿತ ಪೌಚ್ ಮಾಡಿಸಬಾರದು. ಅಂಥ ಪೌಚಿನ ಮುದ್ರಣದಲ್ಲಿ ಒಂದೊಂದು ಬಣ್ಣಕ್ಕೂ ಒಂದೊಂದು ಸಿಲಿಂಡರ್ ಕೆತ್ತಿಸಬೇಕು, ಕನಿಷ್ಠ ಪ್ರಮಾಣವೆಂದು ಒಂದು ರಾಶಿಯನ್ನೇ ತೆಗೆದುಕೊಳ್ಳಬೇಕು. ಆಮೇಲೆ ತಪ್ಪು ಕಂಡರೂ ಗೋದಾಮಿನಲ್ಲಿ ಬಿದ್ದಿರುವ ರಾಶಿ ಮುಗಿಯುವವರೆಗೂ ತಪ್ಪನ್ನೇ ಮಾರಬೇಕಾಗುತ್ತದೆ. ಮುದ್ರಣವಿಲ್ಲದ ಪೌಚ್ ಕೊಂಡು ಆನೆಯ ಸ್ಟಿಕ್ಕರ್ ಅಂಟಿಸಿ, ಆರು ವಾರ ಕಾಗದದ ಪೊಟ್ಟಣದ ಜೊತೆಜೊತೆಗೇ ಮಾರಿದರೆ ಸಾವಿರಗಳಲ್ಲಿ ಮುಗಿಯುತ್ತದೆ. ಗಲ್ಲಾದಲ್ಲಿ ಕೂರುವವರು ಅಪ್ಪನೇ ಆಗಿರಬೇಕು, ಅವರ ಬಾಯಿಂದ ಒಂದೇ ಮಾತು ಬರಬೇಕು: 'ಪುಡಿ ಅದೇ ರಾಯರೇ, ಘಮ ಹೋಗಬಾರದು ಅಂತ ಕವರ್ ಬೇರೆ.' ಬೇಡ ಎಂದವರಿಗೆ ಕಾಗದದಲ್ಲೇ ಕಟ್ಟಿಕೊಡಬೇಕು. ಕಾಗದ ಕೇಳುವವರು ತಾವಾಗಿ ಕಡಿಮೆಯಾಗುವ ತನಕ ಅದು ಕೌಂಟರಿನಲ್ಲಿ ಇರಲಿ, ಒಂದು ವರ್ಷವಾದರೂ ಸರಿ.

ವಯಸ್ಸಾದ ಕಣ್ಣು

ಹೊಸ ವಿನ್ಯಾಸವನ್ನು ಒಪ್ಪುವವರು ಸಾಮಾನ್ಯವಾಗಿ ಮೂವತ್ತರ ಹರೆಯದವರು, ನೋಡುವುದು ಬೆಳಗುವ ಪರದೆಯ ಮೇಲೆ. ಓದಬೇಕಾದವರು ಎಪ್ಪತ್ತರವರು, ಟ್ಯೂಬ್‌ಲೈಟಿನ ಕೆಳಗೆ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟುತ್ತದೆ, ನೀಲಿ, ಹಸಿರು, ನೇರಳೆಯ ನಡುವಿನ ವ್ಯತ್ಯಾಸ ಮಬ್ಬಾಗುತ್ತದೆ, ಹೊಳೆಯುವ ಮೈಯಿಂದ ಬೆಳಕು ಚೆದುರಿ ಕಣ್ಣು ಕುಕ್ಕುತ್ತದೆ. ಚಿನ್ನದ ಬಣ್ಣದ ಮೇಲೆ ತೆಳುವಾದ ಬೂದು ಅಕ್ಷರ ಕಂಪ್ಯೂಟರಿನಲ್ಲಿ ಗಂಭೀರವಾಗಿ ಕಾಣಬಹುದು, ಕೈಗೆ ಬಂದಾಗ ಏನೂ ಕಾಣುವುದಿಲ್ಲ. ನೀಲಿ ಪಟ್ಟಿ ಒಂದು ಮಿಶ್ರಣಕ್ಕೆ, ನೇರಳೆ ಇನ್ನೊಂದಕ್ಕೆ ಎಂದು ವಿಂಗಡಿಸಿದರೆ ಹಿರಿಯರು ಮನೆಗೆ ತಪ್ಪು ಪುಡಿ ಒಯ್ಯುತ್ತಾರೆ. 80:20, 70:30, 60:40 ಎಂಬ ಅಂಕಿಗಳು ಕಾಫಿ ಕುಡಿಯುವ ಮನೆಗಳಲ್ಲಿ ಹೆಸರಿನಂತೆಯೇ ಬಳಕೆಯಲ್ಲಿವೆ. ಕಾಫಿಯಲ್ಲಿ ಚಿಕೋರಿ ಬೆರೆಸಿದ್ದರೆ ಎಷ್ಟು ಎಂದು ನಮೂದಿಸುವುದು ಆಹಾರ ಕಾನೂನಿನ ಪ್ರಕಾರವೂ ಕಡ್ಡಾಯ. ಆ ಅಂಕಿಯನ್ನೇ ಹೆಬ್ಬೆರಳಿನಷ್ಟು ದೊಡ್ಡದಾಗಿ ಎದುರಿಗೆ ಮುದ್ರಿಸಿದರೆ ಕಾನೂನೂ ನಡೆಯಿತು, ಗಿರಾಕಿಗೂ ಅನುಕೂಲವಾಯಿತು.

ಪರೀಕ್ಷೆ ಸುಲಭ. ನಿಜವಾದ ಅಳತೆಯಲ್ಲಿ ಮುದ್ರಿಸಿದ ಮಾದರಿಯನ್ನು ಅಂಗಡಿಯ ಕಪಾಟಿನಲ್ಲೇ ಇತರ ಸರಕಿನ ನಡುವೆ ಇಟ್ಟು, ಕನ್ನಡಕ ತೆಗೆದ ಹಿರಿಯರೊಬ್ಬರನ್ನು ಆರಡಿ ದೂರ ನಿಲ್ಲಿಸಿ, 'ನಿಮ್ಮದು ಯಾವುದು, ತೋರಿಸಿ' ಎನ್ನಬೇಕು. ಬೆರಳು ತಡವರಿಸಿದರೆ ವಿನ್ಯಾಸ ವಾಪಸ್ ಹೋಗಬೇಕು.

ಬೋರ್ಡಿನ ಅಕ್ಷರ

ಕರ್ನಾಟಕದಲ್ಲಿ 2024ರ ತಿದ್ದುಪಡಿಯ ನಂತರ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡವಿರಬೇಕು, ಅದೂ ಮೇಲ್ಭಾಗದಲ್ಲಿ. ಬೆಂಗಳೂರಿನ ಎಷ್ಟೋ ಅಂಗಡಿಗಳು ಆ ವರ್ಷ ಬೋರ್ಡು ಬದಲಿಸಿದವು. ಹಳೆಯ ಅಂಗಡಿಗಳಿಗೆ ಕನ್ನಡ ಹೊಸದಲ್ಲ, ಅವುಗಳ ಬೋರ್ಡು ಮೊದಲಿನಿಂದಲೂ ಕನ್ನಡದ್ದೇ. ಕಲಾವಿದ ಕುಂಚ ಹಿಡಿದು ಬರೆದ, ತಲೆಕಟ್ಟಿಗೆ ನೆರಳು ಕೊಟ್ಟ, ಒತ್ತಕ್ಷರವನ್ನು ತನ್ನದೇ ರೀತಿಯಲ್ಲಿ ತಿರುವಿದ ಬರಹ ಅದು. ಅದನ್ನು ಇಳಿಸಿ ಫ್ಲೆಕ್ಸ್ ಏರಿಸುವಾಗ ಪ್ರಿಂಟಿಂಗ್ ಅಂಗಡಿಯ ಕಂಪ್ಯೂಟರಿನಲ್ಲಿರುವ ನಾಲ್ಕಾರು ಫಾಂಟುಗಳಲ್ಲಿ ಒಂದು ಬಂದು ಕೂರುತ್ತದೆ. ಪಕ್ಕದ ಮೊಬೈಲ್ ಅಂಗಡಿಗೂ ಎದುರಿನ ಮೆಡಿಕಲ್ಸ್‌ಗೂ ಅದೇ ಫಾಂಟ್. ಕನ್ನಡ ಉಳಿಯಿತು, ಅಂಗಡಿಯ ಕೈಬರಹ ಹೋಯಿತು.

ಇದಕ್ಕೆ ಮದ್ದು ಅಗ್ಗದ್ದು. ಹಳೆಯ ಬೋರ್ಡನ್ನು ಇಳಿಸುವ ಮೊದಲು ಏಣಿ ಹತ್ತಿ, ಅಕ್ಷರದ ಎತ್ತರಕ್ಕೆ ಕ್ಯಾಮೆರಾ ಹಿಡಿದು, ಓರೆಯಾಗದಂತೆ ನೇರವಾಗಿ ಚಿತ್ರ ತೆಗೆಯಬೇಕು. ಕೆಳಗಿನಿಂದ ತೆಗೆದರೆ ಮೇಲಿನ ತಲೆಕಟ್ಟು ಕುಗ್ಗುತ್ತದೆ. ಆ ಚಿತ್ರದ ಮೇಲೆ ಗೆರೆ ಎಳೆದು ಅಕ್ಷರಗಳನ್ನು ಹಾಗೇ ಡಿಜಿಟಲ್ ರೂಪಕ್ಕೆ ತರುವುದು ಬಲ್ಲವರಿಗೆ ಒಂದು ದಿನದ ಕೆಲಸ. ಆಮೇಲೆ ಅದೇ ಬರಹ ಪೌಚ್, ಬಿಲ್ಲು, ಚೀಲ ಎಲ್ಲಕ್ಕೂ ಬರುತ್ತದೆ.

ಹಳೆಯ ಗುರುತಿನ ಹಕ್ಕು

ಹೊಸ ಆನೆ ಬಂತೆಂದು ಹಳೆಯ ಆನೆಯನ್ನು ಬೀದಿಗೆ ಬಿಡಬಾರದು. ಟ್ರೇಡ್‌ಮಾರ್ಕ್ ನೋಂದಣಿ ಹತ್ತು ವರ್ಷದ್ದು, ಹತ್ತತ್ತು ವರ್ಷಕ್ಕೆ ನವೀಕರಿಸುತ್ತಾ ಹೋಗಬಹುದು. 1999ರ ಕಾಯ್ದೆಯ 59ನೆಯ ಕಲಮಿನ ಪ್ರಕಾರ ಗುರುತಿನ ಮೂಲ ಚಹರೆ ಕೆಡದಂಥ ಸಣ್ಣ ತಿದ್ದುಪಡಿಗೆ ಅನುಮತಿ ಕೇಳಬಹುದು. ಅದಕ್ಕಿಂತ ದೊಡ್ಡ ಬದಲಾವಣೆಗೆ ಹೊಸ ಅರ್ಜಿಯೇ ಬೇಕು. ಐದು ವರ್ಷಕ್ಕೂ ಹೆಚ್ಚು ಕಾಲ ಒಂದೇ ಸಮನೆ ಬಳಸದೆ ಬಿಟ್ಟ ಗುರುತನ್ನು ತೆಗೆದುಹಾಕಿಸಲು ಬೇರೆಯವರು ಅರ್ಜಿ ಹಾಕಬಹುದು. ಹಾಗಾಗಿ ಹಳೆಯ ರೂಪವನ್ನು ಒಂದಾದರೂ ಸರಕಿನ ಮೇಲೆ ಮಾರುತ್ತಲೇ ಇರುವುದು ಜಾಣತನ. ಕಾಗದದ ಪೊಟ್ಟಣವನ್ನು ಉಳಿಸಿಕೊಳ್ಳಲು ಇದು ಎರಡನೆಯ ಕಾರಣ.

ಹೆಸರು ಯಾರದು ಎಂಬುದೂ ಮೊದಲೇ ಬಗೆಹರಿದಿರಬೇಕು. 1924ರಲ್ಲಿ ಶುರುವಾದ ಎಂಟಿಆರ್ ಕುಟುಂಬದ ಹೋಟೆಲು ಇಂದಿಗೂ ಮಯ್ಯರ ಮನೆಯವರದೇ, ಅದೇ ಹೆಸರಿನ ಪ್ಯಾಕೆಟ್ ಆಹಾರದ ಕಂಪನಿ 2007ರಲ್ಲಿ ನಾರ್ವೆಯ ಓರ್ಕ್ಲಾ ಸಂಸ್ಥೆಗೆ ಮಾರಾಟವಾಯಿತು. ಸಾಂಬಾರ್ ಪುಡಿಯ ಪ್ಯಾಕೆಟ್ಟಿನ ಮೇಲೆ ಹೆಸರು ಹೇಗಿರಬೇಕೆಂದು ತೀರ್ಮಾನಿಸುವವರು ಬೇರೆ, ಲಾಲ್‌ಬಾಗ್ ರಸ್ತೆಯಲ್ಲಿ ರವೆ ಇಡ್ಲಿ ಬಡಿಸುವವರು ಬೇರೆ. ಗಿರಾಕಿಗೆ ಮಾತ್ರ ಎರಡೂ ಒಂದೇ ಎಂಟಿಆರ್.

ತಪ್ಪಿದೆ ಎಂದು ತಿಳಿಯುವುದು ಹೇಗೆ

ಹಿರಿಯ ಗಿರಾಕಿ ದೂರು ಕೊಡುವುದಿಲ್ಲ, ಬರುವುದನ್ನು ನಿಲ್ಲಿಸುತ್ತಾರೆ. ಒಟ್ಟು ಮಾರಾಟದ ಅಂಕಿ ಇದನ್ನು ಮುಚ್ಚಿಡುತ್ತದೆ, ಏಕೆಂದರೆ ಹೊಸ ಪೌಚಿಗೆ ಹೊಸಬರು ಬಂದಿರುತ್ತಾರೆ. ನೋಡಬೇಕಾದದ್ದು ಹಳೆಯ ಖಾತೆ ಪುಸ್ತಕವನ್ನು. ಬದಲಾವಣೆಗೆ ಮುಂಚೆ ತಿಂಗಳು ತಿಂಗಳೂ ಬರುತ್ತಿದ್ದ ನೂರೈವತ್ತು ಮನೆಗಳ ಪಟ್ಟಿ ಮಾಡಿಟ್ಟು, ಪ್ರತಿ ತಿಂಗಳು ಎಷ್ಟು ಮನೆ ಬಂದಿಲ್ಲ ಎಂದು ಗುರುತು ಹಾಕಬೇಕು. ಒಂದು ತಿಂಗಳು ತಪ್ಪಿದರೆ ಮಗನ ಮನೆಗೆ ಹೋಗಿರಬಹುದು. ಎರಡು ತಿಂಗಳು ತಪ್ಪಿದರೆ ಅಪ್ಪ ಫೋನ್ ಮಾಡಿ ಕ್ಷೇಮ ವಿಚಾರಿಸಬೇಕು. ಪುಡಿಯ ಮಾತು ತಾನಾಗಿ ಬರುತ್ತದೆ. 'ರುಚಿ ಯಾಕೋ' ಎಂದರೆ ಕವರಿನ ತೊಂದರೆ, 'ಸಿಗಲಿಲ್ಲ' ಎಂದರೆ ಗುರುತಿನ ತೊಂದರೆ, 'ನಮ್ಮಂಥೋರಿಗಲ್ಲ ಬಿಡಿ' ಎಂದರೆ ಅಂಗಡಿಯ ಮರ್ಯಾದೆಯ ತೊಂದರೆ. ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು, ಅದಕ್ಕೆ ಡಿಸೈನರ್ ಹತ್ತಿರ ಮದ್ದಿಲ್ಲ.

ಹಳೆಯದನ್ನು ಉಳಿಸಿಕೊಂಡವರೂ ಅದನ್ನು ಎಲ್ಲರಿಗೂ ಕೇಳುವಂತೆ ಹೇಳದಿದ್ದರೆ ಪೆಟ್ಟು ತಿನ್ನುತ್ತಾರೆ. ಸ್ಕಾಟ್ಲೆಂಡಿನ ಏಬ್ರಮ್ ಲೈಲ್ ಮನೆತನದಿಂದ ಬಂದ, ಈಗ ಬೇರೆಯವರ ಕೈಯಲ್ಲಿರುವ 'ಲೈಲ್ಸ್ ಗೋಲ್ಡನ್ ಸಿರಪ್' ಎಂಬ ಸಕ್ಕರೆ ಪಾಕದ ಹಸಿರು ಡಬ್ಬಿಯ ಮೇಲೆ ಹತ್ತೊಂಬತ್ತನೆಯ ಶತಮಾನದ ಕೊನೆಯಿಂದಲೂ ಸತ್ತ ಸಿಂಹ ಮತ್ತು ಅದರ ಸುತ್ತ ಹಾರುವ ಜೇನುಗಳ ಚಿತ್ರವಿದೆ. ಬೈಬಲಿನ ಕಥೆಯಿಂದ ಬಂದ ಚಿತ್ರ ಅದು. 2024ರ ಫೆಬ್ರವರಿಯಲ್ಲಿ ಕಂಪನಿ ನಗುಮುಖದ ಸಿಂಹ, ಒಂದೇ ಜೇನಿನ ಹೊಸ ಗುರುತನ್ನು ಪ್ರಕಟಿಸಿದಾಗ ಬ್ರಿಟನ್ನಿನ ಪತ್ರಿಕೆಗಳಲ್ಲಿ ಗದ್ದಲವೆದ್ದಿತು. ಹೊಸ ಗುರುತು ಬಂದದ್ದು ಪ್ಲಾಸ್ಟಿಕ್ ಬಾಟಲಿ ಮೊದಲಾದ ಸರಕುಗಳ ಮೇಲೆ. ಹಳೆಯ ಡಬ್ಬಿಯ ಮೇಲೆ ಸತ್ತ ಸಿಂಹ ಹಾಗೇ ಮಲಗಿದೆ.